ಪಹಣಿಯ ಫೋಟೊದಿಂದ ಇಂಗ್ಲಿಷ್ ಅನುವಾದ: ಸರ್ವೆ ನಂಬರೂ ಎಕರೆ, ಗುಂಟೆ, ಆಣೆಯೂ ಕೆಡದಂತೆ ಬರೆಯುವ ಕ್ರಮ

ಊರಿನಲ್ಲಿ ಅಣ್ಣತಮ್ಮಂದಿರ ನಡುವೆ ವಿಭಾಗದ ಮಾತು ಬಂದಾಗ, ಇಲ್ಲವೇ ತೀರಿಕೊಂಡ ತಂದೆಯ ಹೆಸರಿನಲ್ಲಿರುವ ಜಮೀನಿಗೆ ಪೌತಿ ಖಾತೆ ಮಾಡಿಸಬೇಕಾದಾಗ, ಹೊರದೇಶದಲ್ಲಿರುವ ಮಗಳಿಗೋ ತಮ್ಮನಿಗೋ ಮೊದಲು ಹೋಗುವುದು ಪಹಣಿಯ ಫೋಟೊ. ಅದನ್ನು ನೋಡಿದವರು ಸಾಮಾನ್ಯವಾಗಿ ಮರಳಿ ಕೇಳುವುದು ಇಂಗ್ಲಿಷಿನಲ್ಲಿ ಬರೆದು ಕಳಿಸಿ ಎಂದೇ, ಏಕೆಂದರೆ ಅವರ ಮಕ್ಕಳಿಗೆ ಕನ್ನಡ ಓದಲು ಬಾರದು, ಅಧಿಕಾರ ಪತ್ರವನ್ನೋ ಹಕ್ಕು ಬಿಡುಗಡೆ ಪತ್ರವನ್ನೋ ಸಿದ್ಧಪಡಿಸುವ ಅಲ್ಲಿಯ ವಕೀಲರಿಗೂ ಬಾರದು. ಈ ಕೆಲಸ ಎರಡು ಭಾಷೆಯನ್ನೂ ಬಲ್ಲ ಮನೆಯವರೊಬ್ಬರ ಪಾಲಿಗೆ ಬರುತ್ತದೆ. ಇದರಲ್ಲಿ ಇಂಗ್ಲಿಷ್ ವಾಕ್ಯರಚನೆಗಿಂತ ಅಂಕಿಗಳೇ ಕಷ್ಟ. ಅನುವಾದದಲ್ಲಿ ತಪ್ಪಿ ಕೂತ ಒಂದು ಹಿಸ್ಸಾ ನಂಬರು ಅಲ್ಲಿಂದ ಅಧಿಕಾರ ಪತ್ರದ ಷೆಡ್ಯೂಲಿಗೆ ಇಳಿಯುತ್ತದೆ. ಆ ಪತ್ರಕ್ಕೆ ಸಹಿ ಬಿದ್ದು ಭಾರತಕ್ಕೆ ಬಂದು ಉಪನೋಂದಣಾಧಿಕಾರಿಯ ಕಚೇರಿಯ ಮೇಜಿನ ಮೇಲೆ ಕೂತ ಮೇಲೆ ಅದನ್ನು ಸರಿಪಡಿಸಲು ಮತ್ತೊಮ್ಮೆ ಸಮುದ್ರದಾಚೆಯಿಂದಲೇ ಸಹಿ ಬರಬೇಕಾಗುತ್ತದೆ.

ಇಲ್ಲಿ ಹೇಳಹೊರಟಿರುವುದು ಕರ್ನಾಟಕದ ಪಹಣಿ, ಅಂದರೆ ಭೂಮಿ ಯೋಜನೆಯಲ್ಲಿ ಗಣಕೀಕೃತವಾಗಿ ನಮೂನೆ 16 ಎಂಬ ಶೀರ್ಷಿಕೆಯಲ್ಲಿ ಬರುವ ಆರ್‌ಟಿಸಿ, ಅದರ ಫೋಟೊದಿಂದ ಅನುವಾದ ಮಾಡುವ ಕ್ರಮವನ್ನು. ಉದಾಹರಣೆಗೆ ಗುಂಟೆ ಆಣೆಯ ಲೆಕ್ಕ ನಡೆಯುವ ಹಳೇ ಮೈಸೂರು ಕಡೆಯ ಪಹಣಿಯ ಮಾದರಿಯೊಂದನ್ನು ಕಲ್ಪಿಸಿಕೊಂಡಿದ್ದೇನೆ. ಕರಾವಳಿಯ ಸೆಂಟ್ಸ್ ಲೆಕ್ಕ ಬೇರೆ, ಅದರ ಮಾತು ಮುಂದೆ ಬರುತ್ತದೆ.

ಮೊದಲು ಫೋಟೊ ಓದುವಂತಿರಲಿ

ಪಹಣಿ ಅಡ್ಡಕ್ಕೆ ಅಗಲವಾದ ಹಾಳೆ, ಅಕ್ಷರ ಸಣ್ಣದು. ಇಡೀ ಹಾಳೆಯನ್ನು ಒಂದೇ ಚಿತ್ರದಲ್ಲಿ ತೆಗೆದರೆ ವಿಸ್ತೀರ್ಣದ ಕಾಲಂನ ಅಂಕಿಗಳು ಮಸುಕಾಗುತ್ತವೆ. ಆದ್ದರಿಂದ ಫೋಟೊ ಕಳಿಸುವವರಿಗೆ ನಾಲ್ಕು ಮೂಲೆಯೂ ಕಾಣುವ ಒಂದು ಪೂರ್ಣ ಚಿತ್ರ ಮತ್ತು ಎಡದಿಂದ ಬಲಕ್ಕೆ ಒಂದರ ಮೇಲೊಂದು ಸ್ವಲ್ಪ ಹಾಯುವಂತೆ ಹತ್ತಿರದಿಂದ ತೆಗೆದ ಮೂರು ನಾಲ್ಕು ಚಿತ್ರಗಳು ಬೇಕೆಂದು ಹೇಳಿ. ಹಾಳೆಯನ್ನು ಮಡಿಕೆ ಬಿಡಿಸಿ ಮೇಜಿನ ಮೇಲೆ ಹರಡಿ, ಫ್ಲ್ಯಾಷ್ ಹಾಕದೆ, ಕಿಟಕಿಯ ಬೆಳಕಿನಲ್ಲಿ, ಮೊಬೈಲನ್ನು ಹಾಳೆಗೆ ಸಮಾನಾಂತರವಾಗಿ ಹಿಡಿದು ತೆಗೆಯಬೇಕು. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳಿಸಿದರೆ ಅದು ಕುಗ್ಗಿ ಬರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ತೆಗೆದಷ್ಟೇ ಸ್ಪಷ್ಟವಾಗಿ ಬರುತ್ತದೆ. ಹಾಳೆಯ ಹಿಂಬದಿಯಲ್ಲಿ ಏನಾದರೂ ಮುದ್ರಣವೋ ಮೊಹರೋ ಇದ್ದರೆ ಅದರ ಚಿತ್ರವನ್ನೂ ತರಿಸಿಕೊಳ್ಳಿ.

ಚಿತ್ರ ಕೈಗೆ ಬಂದ ಮೇಲೆ ಸರ್ಕಾರದ ಜಾಲತಾಣವಾದ landrecords.karnataka.gov.in ನಲ್ಲಿ ಅದೇ ಪಹಣಿಯನ್ನು ತೆರೆದು ಪಕ್ಕಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಅಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಸರ್ನೋಕ್, ಹಿಸ್ಸಾ, ವರ್ಷ ಹೀಗೆ ಒಂದೊಂದಾಗಿ ಆರಿಸುತ್ತಾ ಹೋಗಬೇಕು. ಫೋಟೊದಲ್ಲಿ ಮಡಿಕೆಯ ಕೆಳಗೆ ಮರೆಯಾದ ಅಂಕಿ ಅಲ್ಲಿ ಸ್ಪಷ್ಟವಾಗಿ ಸಿಗಬಹುದು. ಆದರೆ ಒಂದು ಎಚ್ಚರಿಕೆ ಬೇಕು. ಫೋಟೊದ ಪಹಣಿ ಹಿಂದಿನ ಸಾಲಿನದ್ದಾಗಿದ್ದು ಜಾಲತಾಣ ಈಗಿನ ಸಾಲಿನದನ್ನು ತೋರಿಸುತ್ತಿದ್ದರೆ, ನಡುವೆ ಖಾತೆ ಬದಲಾವಣೆ ಆಗಿರಬಹುದು. ನೀವು ಅನುವಾದಿಸುತ್ತಿರುವುದು ಫೋಟೊದಲ್ಲಿರುವ ಹಾಳೆಯನ್ನು; ಆದ್ದರಿಂದ ಜಾಲತಾಣದ ಅಂಕಿಯನ್ನು ಅದರೊಳಗೆ ಬೆರೆಸಬಾರದು. ಎರಡರಲ್ಲಿ ವ್ಯತ್ಯಾಸ ಕಂಡರೆ ಅದನ್ನು ಕೊನೆಯಲ್ಲಿ ಪ್ರತ್ಯೇಕ ಟಿಪ್ಪಣಿಯಾಗಿ ಬರೆಯಬೇಕು.

ಗಣಕೀಕರಣಕ್ಕೆ ಹಿಂದಿನ, ಗ್ರಾಮ ಲೆಕ್ಕಿಗರು ಕೈಯಲ್ಲಿ ಬರೆದ ಪಹಣಿಯಾದರೆ ಅಂಕಿಗಳು ಕನ್ನಡದವೇ ಆಗಿರಬಹುದು. ಶಾಯಿ ಮಾಸಿದಾಗ ೧ರ ಬಾಲ ಕಾಣದೆ ಅದು ೦ ಆಗಿ ತೋರುತ್ತದೆ. ೬, ೭, ೯ ಮೂರೂ ವೇಗದ ಬರವಣಿಗೆಯಲ್ಲಿ ಒಂದನ್ನೊಂದು ಹೋಲುತ್ತವೆ. ಇಂಥಲ್ಲಿ ಅದೇ ಹಾಳೆಯಲ್ಲಿ ಅದೇ ಕೈ ಬೇರೆ ಕಡೆ ಬರೆದಿರುವ, ಸಂಶಯವಿಲ್ಲದ ಅಂಕಿಯನ್ನು ಹುಡುಕಿ ಹೋಲಿಸಿ ನೋಡಬೇಕು. ಸಾಲಿನ ವರ್ಷ ಇದಕ್ಕೆ ಒಳ್ಳೆಯ ಆಧಾರ, ಏಕೆಂದರೆ ಅಲ್ಲಿ ಯಾವ ಅಂಕಿ ಇರಬೇಕೆಂಬುದು ನಮಗೆ ಗೊತ್ತಿರುತ್ತದೆ.

ಸರ್ವೆ ನಂಬರನ್ನು ಅನುವಾದಿಸಬೇಡಿ, ನಕಲು ಮಾಡಿ

ಜಮೀನಿನ ಗುರುತು ನಿಲ್ಲುವುದು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ನಂಬರು ಇವು ಆರೂ ಸೇರಿದಾಗ ಮಾತ್ರ. ಒಂದೇ ತಾಲ್ಲೂಕಿನಲ್ಲಿ ಹೊಸಹಳ್ಳಿ ಎಂಬ ಹೆಸರಿನ ಊರುಗಳು ಒಂದಕ್ಕಿಂತ ಹೆಚ್ಚು ಇರಬಹುದಾದ್ದರಿಂದ ಹೋಬಳಿಯನ್ನು ಬಿಡುವಂತಿಲ್ಲ. ಹೋಬಳಿ, ತಾಲ್ಲೂಕು ಎಂಬ ಪದಗಳನ್ನು ಇಂಗ್ಲಿಷಿನಲ್ಲೂ ಹಾಗೆಯೇ ಇಡಿ. ಬೇರೆ ದೇಶದ ಆಡಳಿತ ಘಟಕದ ಹೆಸರನ್ನು ಹಚ್ಚಿದರೆ ಮುಂದೆ ಇಲ್ಲಿಯ ಕಚೇರಿಯಲ್ಲಿ ಯಾರಿಗೂ ಅದು ಗುರುತು ಸಿಗುವುದಿಲ್ಲ. ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ಸರ್ಕಾರಿ ಜಾಲತಾಣದಲ್ಲಿ ಇರುವಂತೆಯೇ ತೆಗೆದುಕೊಳ್ಳಿ, ನಿಮ್ಮ ಕಿವಿಗೆ ಸರಿ ಎನಿಸಿದಂತೆ ಬೇಡ.

ನಂಬರಿನ ಒಳಗಿನ ಅಕ್ಷರದಲ್ಲೇ ಹೆಚ್ಚಿನ ತೊಂದರೆ. ಹಿಸ್ಸಾ 2ಅ ಎಂದಿದ್ದರೆ ಇಂಗ್ಲಿಷಿನಲ್ಲಿ ಎರಡು ಎ ಎಂದು ಬರೆಯುವುದು ಸಹಜ, 2ಬ ಎಂದಿದ್ದರೆ ಎರಡು ಬಿ. 2ಕ ಎಂದಿರುವಾಗ ಏನು ಮಾಡಬೇಕು? ಅ, ಬ, ಕ, ಡ ಎಂಬ ಕ್ರಮದಲ್ಲಿ ಅದು ಮೂರನೆಯದಾದ್ದರಿಂದ ಕೆಲವರು ಸಿ ಎಂದು ಬರೆಯುತ್ತಾರೆ, ಉಚ್ಚಾರ ನೋಡಿ ಕೆಲವರು ಕೆ ಎಂದು ಬರೆಯುತ್ತಾರೆ. ಎರಡೂ ಒಂದೇ ಕುಟುಂಬದ ಎರಡು ಪತ್ರಗಳಲ್ಲಿ ಬಂದರೆ, ಓದುವವರು ಅವನ್ನು ಎರಡು ತುಂಡು ಜಮೀನು ಎಂದೇ ತಿಳಿಯುತ್ತಾರೆ. ಇದಕ್ಕೆ ನನಗೆ ಕಂಡ ಸುರಕ್ಷಿತ ದಾರಿಯೆಂದರೆ ನಂಬರಿನಲ್ಲಿ ಕನ್ನಡ ಅಕ್ಷರವನ್ನೇ ಉಳಿಸಿ, ಪಕ್ಕದಲ್ಲಿ ಕಂಸದಲ್ಲಿ ರೋಮನ್ ಅಕ್ಷರ ಕೊಡುವುದು. ರೋಮನ್ ಅಕ್ಷರವನ್ನು ಆರಿಸುವಾಗ, ಅದೇ ಜಮೀನಿನ ಹಿಂದಿನ ಕ್ರಯಪತ್ರವೋ ವಿಭಾಗಪತ್ರವೋ ಇಂಗ್ಲಿಷಿನಲ್ಲಿದ್ದರೆ ಅಲ್ಲಿರುವುದನ್ನು ಅನುಸರಿಸಿ. ಇಲ್ಲವಾದರೆ ಜಾಲತಾಣದ ಹಿಸ್ಸಾ ಪಟ್ಟಿಯಲ್ಲಿ ಹೇಗೆ ತೋರುತ್ತದೆಯೋ ಹಾಗೆ ಬರೆಯಿರಿ.

ಎರಡನೆಯ ಅಪಾಯ ಪೈಕಿ ಎಂಬ ಪದದ್ದು. ಸರ್ವೆ ನಂಬರು 84ರ ಮುಂದೆ ಪೈಕಿ 3 ಎಂದಿರುವುದಕ್ಕೂ 84/3 ಎಂದಿರುವುದಕ್ಕೂ ಅರ್ಥ ಬೇರೆ. 84/3 ಎಂದರೆ ಅಳತೆ ನಡೆದು, ಪೋಡಿಯಾಗಿ, ಸ್ವಂತ ಗಡಿ ಪಡೆದ ಹಿಸ್ಸಾ. ಪೈಕಿ ಎಂದರೆ ಆ ಸರ್ವೆ ನಂಬರಿನೊಳಗಿನ ಒಂದು ಭಾಗ ದಾಖಲೆಯಲ್ಲಿ ಬೇರೆಯಾಗಿದೆ, ನೆಲದ ಮೇಲೆ ಅಳತೆಯಾಗಿ ಪೋಡಿಯಾಗಿಲ್ಲ. ಹೊರದೇಶದಲ್ಲಿರುವ ಸಂಬಂಧಿ ತನ್ನ ಪಾಲು ಎಲ್ಲಿದೆ ಎಂದು ನಕ್ಷೆಯಲ್ಲಿ ಹುಡುಕುವಾಗ ಈ ವ್ಯತ್ಯಾಸವೇ ಉತ್ತರ ಹೇಳುತ್ತದೆ. ಆದ್ದರಿಂದ ಪೈಕಿ ಎಂಬುದನ್ನೋ, ಪಿ ಎಂಬ ಅಕ್ಷರವಿದ್ದರೆ ಅದನ್ನೋ ನಂಬರಿನಲ್ಲಿ ಉಳಿಸಲೇಬೇಕು. ಒಂದು ಸಾಲಿನ ವಿವರಣೆಯನ್ನು ಟಿಪ್ಪಣಿಯಲ್ಲಿ ಕೊಡಬೇಕು.

ಸರ್ವೆ ನಂಬರಿಗೂ ಹಿಸ್ಸಾಕ್ಕೂ ನಡುವೆ ನಕ್ಷತ್ರ ಚಿಹ್ನೆ ಕಂಡರೆ ಅದು ಸರ್ನೋಕ್ ಎಂಬ ಭಾಗ. ಅದನ್ನೂ ಇದ್ದಂತೆಯೇ ಬರೆಯಿರಿ, ಅಡಿಟಿಪ್ಪಣಿಯ ಗುರುತು ಎಂದು ತಿಳಿದು ಅಳಿಸಬೇಡಿ. ಬೆಳಗಾವಿ, ಧಾರವಾಡ ಕಡೆಯ ಕಾಗದಗಳಲ್ಲಿ ರಿ.ಸ.ನಂ. ಅಥವಾ ಬ್ಲಾಕ್ ನಂಬರು ಎಂದಿದ್ದರೆ ಅದನ್ನು ಬರೀ ಸರ್ವೆ ನಂಬರು ಎಂದು ಬದಲಾಯಿಸಬಾರದು. ಖಾತಾ ನಂಬರು ಒಂಬತ್ತನೆಯ ಕಾಲಂನಲ್ಲಿ ಬೇರೆಯೇ ಇರುತ್ತದೆ. ಅದು ಹಿಡುವಳಿದಾರರ ಲೆಕ್ಕದ ನಂಬರು, ಜಮೀನಿನ ನಂಬರಲ್ಲ.

ವಿಸ್ತೀರ್ಣ: ಚುಕ್ಕಿಯನ್ನು ದಶಾಂಶ ಎಂದು ಓದಬಾರದು

ಪಹಣಿಯ ಮೂರನೆಯ ಕಾಲಂ ವಿಸ್ತೀರ್ಣದ್ದು. ಒಟ್ಟು ವಿಸ್ತೀರ್ಣ, ಫೂಟ್ ಖರಾಬ್ ಅ, ಫೂಟ್ ಖರಾಬ್ ಬ, ಉಳಿದದ್ದು ಎಂದು ನಾಲ್ಕು ಸಾಲು ಅದರಲ್ಲಿ ಇರುತ್ತವೆ. ಪ್ರತಿಯೊಂದರ ಮುಂದೆ ಎಕರೆ, ಗುಂಟೆ, ಆಣೆ ಚುಕ್ಕಿಯಿಂದಲೋ ಅಡ್ಡಗೆರೆಯಿಂದಲೋ ಬೇರ್ಪಟ್ಟು ಬರುತ್ತವೆ. 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಒಂದು ಗುಂಟೆ 1,089 ಚದರ ಅಡಿ, ಒಂದು ಎಕರೆ 43,560 ಚದರ ಅಡಿ. ಇಷ್ಟು ಗೊತ್ತಿದ್ದರೆ ಸಾಕು.

2.38.12 ಎಂಬುದನ್ನು ನಮ್ಮ ಊರಿನವರು ಎರಡು ಎಕರೆ ಮೂವತ್ತೆಂಟು ಗುಂಟೆ ಹನ್ನೆರಡು ಆಣೆ ಎಂದೇ ಓದುತ್ತಾರೆ. ಹೊರದೇಶದಲ್ಲಿ ಬೆಳೆದವರು ಅದನ್ನು ಎರಡು ಪಾಯಿಂಟ್ ಮೂವತ್ತೆಂಟು ಎಕರೆ ಎಂದು ಓದುವುದು ಬಹುಮಟ್ಟಿಗೆ ಖಚಿತ. ನಿಜವಾದ ವಿಸ್ತೀರ್ಣ ಮೂರು ಎಕರೆಗೆ ಒಂದೂಕಾಲು ಗುಂಟೆ ಮಾತ್ರ ಕಡಿಮೆ. ತಪ್ಪಾಗಿ ಓದಿದವರ ಲೆಕ್ಕದಲ್ಲಿ ಇಪ್ಪತ್ಮೂರು ಗುಂಟೆಗೂ ಹೆಚ್ಚು ಜಮೀನು ಕಾಣೆಯಾಗಿರುತ್ತದೆ, ಅಂದರೆ ಅರ್ಧ ಎಕರೆಗೂ ಮೀರಿದ್ದು. ಮನೆಯವರ ನಡುವೆ ಅಪನಂಬಿಕೆ ಹುಟ್ಟಲು ಅಷ್ಟು ಸಾಕು. ಇದರ ಜೊತೆಗೆ ಅದೇ ಹಾಳೆಯ ನಾಲ್ಕನೆಯ ಕಾಲಂನಲ್ಲಿ ಕಂದಾಯ ರೂಪಾಯಿ ಪೈಸೆಗಳಲ್ಲಿದ್ದು, ಅಲ್ಲಿಯ ಚುಕ್ಕಿ ನಿಜವಾಗಿಯೂ ದಶಾಂಶದ್ದೇ ಆಗಿರುತ್ತದೆ. ಒಂದೇ ಪುಟದಲ್ಲಿ ಒಂದೇ ಚಿಹ್ನೆಗೆ ಎರಡು ಅರ್ಥವಿರುವುದರಿಂದ, ಇಂಗ್ಲಿಷಿನಲ್ಲಿ ವಿಸ್ತೀರ್ಣವನ್ನು ಚುಕ್ಕಿ ಹಾಕಿ ಬರೆಯುವ ಪದ್ಧತಿಯನ್ನೇ ಬಿಟ್ಟು, ಪ್ರತಿ ಅಂಕಿಯ ಮುಂದೆ ಅದರ ಮಾನದ ಹೆಸರನ್ನು ಪೂರ್ತಿಯಾಗಿ ಬರೆಯಬೇಕು. ಸೊನ್ನೆಗಳನ್ನೂ ಬಿಡಬಾರದು. ಆಣೆ ಸೊನ್ನೆ ಇದ್ದರೆ ಸೊನ್ನೆ ಆಣೆ ಎಂದೇ ಬರೆಯಿರಿ. ಆಗ ನೀವು ಅದನ್ನು ನೋಡಿ ಬರೆದಿದ್ದೀರಿ, ಮರೆತು ಬಿಟ್ಟಿಲ್ಲ ಎಂಬುದು ತಿಳಿಯುತ್ತದೆ.

ದಕ್ಷಿಣ ಕನ್ನಡ, ಉಡುಪಿ ಕಡೆಯ ಜಮೀನಾದರೆ ಎಕರೆಯ ನಂತರದ ಅಂಕಿ ಗುಂಟೆಯಲ್ಲ, ಸೆಂಟ್ಸ್. ಅಲ್ಲಿ 100 ಸೆಂಟ್ಸಿಗೆ ಒಂದು ಎಕರೆ. ಆದ್ದರಿಂದ 1.20 ಎಂಬುದು ಮಂಡ್ಯದಲ್ಲಿ ಒಂದೂವರೆ ಎಕರೆ, ಉಡುಪಿಯಲ್ಲಿ ಒಂದು ಎಕರೆಯ ಮೇಲೆ ಅದರ ಐದನೆಯ ಒಂದು ಪಾಲು ಅಷ್ಟೆ. ಯಾವ ಮಾನ ಎಂಬುದನ್ನು ಕಾಲಂನ ತಲೆಬರಹದಲ್ಲೇ ನೋಡಿ ತಿಳಿಯಬೇಕು. ಜೊತೆಗೆ ಒಂದು ಸುಲಭ ಪರೀಕ್ಷೆಯೂ ಇದೆ: ಗುಂಟೆಯ ಜಾಗದಲ್ಲಿ 39ಕ್ಕಿಂತ ದೊಡ್ಡ ಅಂಕಿ ಬರುವಂತಿಲ್ಲ, ಆಣೆಯ ಜಾಗದಲ್ಲಿ 15ಕ್ಕಿಂತ ದೊಡ್ಡದು ಬರುವಂತಿಲ್ಲ. ಬಂದಿದ್ದರೆ ನೀವು ಅಂಕಿಯನ್ನು ತಪ್ಪಾಗಿ ಓದಿದ್ದೀರಿ, ಇಲ್ಲವೇ ಮಾನವನ್ನು.

ಖರಾಬಿನ ಎರಡು ವಿಧವನ್ನೂ ಬೇರೆ ಬೇರೆಯಾಗಿಯೇ ತೋರಿಸಬೇಕು. ಕರ್ನಾಟಕ ಭೂಕಂದಾಯ ನಿಯಮಗಳು, 1966ರ ಪ್ರಕಾರ ಅ ಖರಾಬು ಸಾಗುವಳಿಗೆ ಯೋಗ್ಯವಲ್ಲದ್ದೆಂದು ವರ್ಗೀಕರಿಸಿದ ನೆಲ. ಹಿಡುವಳಿದಾರರ ಕಣ, ತೋಟದ ಮನೆ ಇದರಲ್ಲೇ ಸೇರುತ್ತವೆ. ಬ ಖರಾಬು ದಾರಿ, ಹಳ್ಳ, ಕೆರೆ, ಸ್ಮಶಾನ ಮುಂತಾಗಿ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು. ಎರಡನ್ನೂ ಸೇರಿಸಿ ಪಾಳುಭೂಮಿ ಎಂಬರ್ಥದ ಒಂದೇ ಇಂಗ್ಲಿಷ್ ಪದ ಬರೆದರೆ, ಓದುವವರಿಗೆ ತಮ್ಮದಲ್ಲದ ದಾರಿಯ ನೆಲವೂ ತಮ್ಮದೆಂಬ ಭಾವನೆ ಬರುತ್ತದೆ. ಖರಾಬ್ ಎಂಬ ಪದವನ್ನೇ ಉಳಿಸಿ ಅರ್ಥವನ್ನು ಟಿಪ್ಪಣಿಗೆ ಬಿಡುವುದು ಒಳ್ಳೆಯದು.

ಒಂದು ಪಹಣಿಯನ್ನು ಲೆಕ್ಕ ಹಾಕಿ ನೋಡೋಣ

ಸರ್ವೆ ನಂಬರು 84, ಹಿಸ್ಸಾ 2ಅ. ಮೂರನೆಯ ಕಾಲಂನಲ್ಲಿ ಒಟ್ಟು 3.07.08, ಖರಾಬ್ ಅ 0.05.00, ಖರಾಬ್ ಬ 0.03.12, ಉಳಿದದ್ದು 2.38.12 ಎಂದು ಓದಿದ್ದೇವೆ. ಒಂಬತ್ತನೆಯ ಕಾಲಂನಲ್ಲಿ ಮೂವರು ಸ್ವಾಧೀನದಾರರ ಹೆಸರಿದೆ. ಮೊದಲನೆಯವರ ಮುಂದೆ 1.10.00, ಎರಡನೆಯವರ ಮುಂದೆ 0.38.12. ಮೂರನೆಯವರದರ ಮೇಲೆ ಮಡಿಕೆ ಹಾದುಹೋಗಿದ್ದು, ಗುಂಟೆಯ ಅಂಕಿ 30 ಅಥವಾ 36 ಎಂದು ತೋರುತ್ತಿದೆ.

ಬರೆಯುವ ಮುಂಚೆ ಹಾಳೆಯ ಅಂಕಿಗಳನ್ನು ಹಾಳೆಯ ಅಂಕಿಗಳಿಂದಲೇ ಪರೀಕ್ಷಿಸಬೇಕು. ಎರಡು ಖರಾಬು ಸೇರಿದರೆ 8 ಗುಂಟೆ 12 ಆಣೆ. ಇದನ್ನು 3 ಎಕರೆ 7 ಗುಂಟೆ 8 ಆಣೆಯಲ್ಲಿ ಕಳೆಯಬೇಕು. 8 ಆಣೆಯಲ್ಲಿ 12 ಆಣೆ ಕಳೆಯಲಾಗದ್ದರಿಂದ ಒಂದು ಗುಂಟೆಯನ್ನು 16 ಆಣೆಯಾಗಿ ಬಿಡಿಸಿಕೊಳ್ಳಬೇಕು, ಹಾಗೆಯೇ ಒಂದು ಎಕರೆಯನ್ನು 40 ಗುಂಟೆಯಾಗಿ. ಆಗ ಅದು 2 ಎಕರೆ 46 ಗುಂಟೆ 24 ಆಣೆ ಎಂದಾಗುತ್ತದೆ. ಕಳೆದರೆ 2 ಎಕರೆ 38 ಗುಂಟೆ 12 ಆಣೆ ಉಳಿಯುತ್ತದೆ. ಹಾಳೆಯಲ್ಲಿರುವುದೂ ಅದೇ. ಹಾಗಾಗಿ ಮೂರನೆಯ ಕಾಲಂನ ನಾಲ್ಕು ಅಂಕಿಗಳನ್ನೂ ಸರಿಯಾಗಿ ಓದಿದ್ದೇವೆಂದು ಧೈರ್ಯವಾಗಿ ಹೇಳಬಹುದು.

ಇನ್ನು ಮಡಿಕೆಯ ಅಂಕಿ. ಮೊದಲ ಇಬ್ಬರದು ಸೇರಿ 1 ಎಕರೆ 48 ಗುಂಟೆ 12 ಆಣೆ, ಅಂದರೆ 2 ಎಕರೆ 8 ಗುಂಟೆ 12 ಆಣೆ. ಒಂಬತ್ತನೆಯ ಕಾಲಂನ ಮೊತ್ತ ಸಾಮಾನ್ಯವಾಗಿ ಖರಾಬು ಕಳೆದು ಉಳಿದ ವಿಸ್ತೀರ್ಣಕ್ಕೆ ಸಮನಾಗಿರಬೇಕು. 2.38.12 ಆಗಲು ಬೇಕಾದದ್ದು 30 ಗುಂಟೆ. 36 ಎಂದುಕೊಂಡರೆ ಆರು ಗುಂಟೆ ಮಿಗುತ್ತದೆ. ಹಾಗಾಗಿ ಮೂರನೆಯವರದು 0.30.00. ಜಾಲತಾಣದಲ್ಲಿ ಅದೇ ಸಾಲಿನ ಪಹಣಿ ಸಿಕ್ಕರೆ ಅಲ್ಲೂ ನೋಡಿ ಖಚಿತಪಡಿಸಿಕೊಳ್ಳಬೇಕು. ಮಡಿಕೆಯಿಂದಾಗಿ ಅಸ್ಪಷ್ಟವಾಗಿದ್ದ ಅಂಕಿಯನ್ನು ಮೊತ್ತದ ಆಧಾರದಿಂದ ಓದಲಾಗಿದೆ ಎಂಬುದನ್ನು ಟಿಪ್ಪಣಿಯಲ್ಲಿ ಹೇಳಿಬಿಡಿ.

ಇಂಗ್ಲಿಷಿನಲ್ಲಿ ಈ ಭಾಗ ಹೀಗೆ ಬರುತ್ತದೆ:

```
Survey No. 84, Hissa No. 2ಅ (2A)
Total extent:     3 acres 07 guntas 08 annas
Pot kharab (A):   0 acres 05 guntas 00 annas
Pot kharab (B):   0 acres 03 guntas 12 annas
Remaining:        2 acres 38 guntas 12 annas
```

ಲೆಕ್ಕ ಕೂಡಿಬರುವ ಪಹಣಿಗಳೇ ಎಲ್ಲವೂ ಅಲ್ಲ. ಮೂರನೆಯ ಕಾಲಂಗೂ ಒಂಬತ್ತನೆಯ ಕಾಲಂಗೂ ತಾಳೆಯಾಗದ ಪಹಣಿಗಳು ಕರ್ನಾಟಕದಲ್ಲಿ ಬಹಳ ಇವೆ. ಕೆಲವದರಲ್ಲಿ ಖರಾಬನ್ನೂ ಸೇರಿಸಿ ಒಂಬತ್ತನೆಯ ಕಾಲಂ ತುಂಬಿರುತ್ತಾರೆ, ಕೆಲವದರಲ್ಲಿ ಹಿಂದಿನ ಖಾತೆ ಬದಲಾವಣೆಯಲ್ಲಿ ಒಬ್ಬರ ಭಾಗವನ್ನು ಕಳೆಯದೆ ಬಿಟ್ಟಿರುತ್ತಾರೆ. ಆದ್ದರಿಂದ ಮೊತ್ತವನ್ನು ಉಳಿದ ವಿಸ್ತೀರ್ಣದೊಂದಿಗೆ ಒಮ್ಮೆ, ಒಟ್ಟು ವಿಸ್ತೀರ್ಣದೊಂದಿಗೆ ಒಮ್ಮೆ ಹೋಲಿಸಿ. ಎರಡಕ್ಕೂ ಕೂಡದಿದ್ದರೆ, ಅಂಕಿಗಳು ಸ್ಪಷ್ಟವಾಗಿಯೂ ಇದ್ದರೆ, ತಪ್ಪು ನಿಮ್ಮ ಓದಿನಲ್ಲಿ ಇಲ್ಲ, ದಾಖಲೆಯಲ್ಲಿದೆ. ಆಗ ಅನುವಾದಕರಾಗಿ ನೀವು ಅದನ್ನು ತಿದ್ದುವ ಹಾಗಿಲ್ಲ. ಇದ್ದದ್ದನ್ನು ಇದ್ದಂತೆ ಬರೆದು, ಎರಡು ಕಾಲಂಗಳ ಮೊತ್ತದಲ್ಲಿ ಇಷ್ಟು ಗುಂಟೆ ವ್ಯತ್ಯಾಸವಿದೆ ಎಂದು ಟಿಪ್ಪಣಿಯಲ್ಲಿ ತಿಳಿಸಬೇಕು. ಅದನ್ನು ಸರಿಪಡಿಸುವ ದಾರಿ, ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ ದಾಖಲಾಗಿರುವ ಭೂಮಾಪನ ಇಲಾಖೆಯ ಆಕಾರಬಂದ್ ನೋಡಿ ತಹಶೀಲ್ದಾರರ ಕಚೇರಿಗೆ ಅರ್ಜಿ ಕೊಡುವುದು. ಈ ವ್ಯತ್ಯಾಸ ಸಂಬಂಧಿಗೆ ಈಗಲೇ ಗೊತ್ತಾಗುವುದು ಅವರಿಗೆ ಬಹಳ ಉಪಕಾರ, ಏಕೆಂದರೆ ಕ್ರಯದ ಹೊತ್ತಿಗೆ ಅದು ಹೇಗೂ ಎದುರಾಗುತ್ತದೆ.

ಅವರಿಗೆ ಅರ್ಥವಾಗುವ ಮಾನಕ್ಕೆ ಪರಿವರ್ತನೆ

ಗುಂಟೆ ಎಂದರೇನೆಂದು ತಿಳಿಯದವರಿಗೆ ಹೆಕ್ಟೇರ್ ಅಥವಾ ದಶಾಂಶ ಎಕರೆ ಬೇಕಾಗುತ್ತದೆ. ಇದನ್ನು ಕೊಡಬಹುದು, ಆದರೆ ಅನುವಾದದ ಪಠ್ಯದೊಳಗೆ ಅಲ್ಲ. ಮೂಲದ ಅಂಕಿ ಮೂಲದ ಮಾನದಲ್ಲೇ ಮೇಲೆ ನಿಲ್ಲಬೇಕು. ಪರಿವರ್ತನೆಯನ್ನು ಕೆಳಗೆ, ಇದು ಅನುವಾದಕರು ಹಾಕಿದ ಲೆಕ್ಕ, ದಾಖಲೆಯಲ್ಲಿಲ್ಲ ಎಂಬ ಮಾತಿನೊಂದಿಗೆ ಕೊಡಬೇಕು. ಸೂತ್ರ ಸರಳವಾದದ್ದು: ಆಣೆಯನ್ನು 16ರಿಂದ ಭಾಗಿಸಿ ಗುಂಟೆಗೆ ಸೇರಿಸಿ, ಬಂದದ್ದನ್ನು 40ರಿಂದ ಭಾಗಿಸಿ ಎಕರೆಗೆ ಸೇರಿಸಬೇಕು. 2 ಎಕರೆ 38 ಗುಂಟೆ 12 ಆಣೆಗೆ ಇದನ್ನು ಹಾಕಿದರೆ 12/16 ಅಂದರೆ 0.75; 38.75ನ್ನು 40ರಿಂದ ಭಾಗಿಸಿದರೆ 0.96875, ಒಟ್ಟು 2.96875 ಎಕರೆ. ಒಂದು ಎಕರೆ ಸುಮಾರು 4,046.86 ಚದರ ಮೀಟರ್ ಆದ್ದರಿಂದ ಇದು ಸುಮಾರು 12,014 ಚದರ ಮೀಟರ್, ಅಂದರೆ 1.2014 ಹೆಕ್ಟೇರ್.

ಎಕರೆಯ ದಶಾಂಶವನ್ನು ಪೂರ್ತಿ ಬರೆಯಿರಿ. ಮೂರು ಎಕರೆಗೆ ಹತ್ತಿರ ಎಂದು ಸುತ್ತುಗೊಳಿಸಿದ ಅಂಕಿಯನ್ನು ಓದಿದವರು ಆ ಮೂರನ್ನೇ ನೆನಪಿಟ್ಟುಕೊಳ್ಳುತ್ತಾರೆ. ಹೆಕ್ಟೇರಿಗೆ ನಾಲ್ಕು ದಶಾಂಶ ಸ್ಥಾನ ಸಾಕು, ಏಕೆಂದರೆ ಅಲ್ಲಿಗೆ ಅದು ಒಂದು ಚದರ ಮೀಟರಿನವರೆಗೆ ನಿಖರವಾಗಿರುತ್ತದೆ. ಮುಂದೆ ಯಾವುದಾದರೂ ಪತ್ರದ ಷೆಡ್ಯೂಲಿಗೆ ವಿಸ್ತೀರ್ಣ ಹೋಗುವುದಾದರೆ ಎಕರೆ, ಗುಂಟೆ, ಆಣೆಯೇ ಹೋಗಬೇಕು, ಹೆಕ್ಟೇರ್ ಅಲ್ಲ ಎಂಬುದನ್ನೂ ಅಲ್ಲೇ ಒಂದು ಸಾಲಿನಲ್ಲಿ ಬರೆದುಬಿಡಿ.

ಹೆಸರು, ಸಂಬಂಧ, ಋಣ

ಒಂಬತ್ತನೆಯ ಕಾಲಂನ ಸ್ವಾಧೀನದಾರ ಎಂಬುದಕ್ಕೆ ಮಾಲೀಕ ಎಂಬರ್ಥದ ಇಂಗ್ಲಿಷ್ ಪದವನ್ನು ಬರೆಯುವವರೇ ಹೆಚ್ಚು. ಭೂಕಂದಾಯ ಕಾಯ್ದೆಯ ಇಂಗ್ಲಿಷ್ ಪಠ್ಯ ಆಕ್ಯುಪೆಂಟ್ ಎಂಬ ಪದವನ್ನು ಬಳಸುತ್ತದೆ, ಅದನ್ನೇ ಬಳಸಿ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೆಯ ಕಲಮಿನಂತೆ ಹಕ್ಕುದಾಖಲೆಯ ನಮೂದನ್ನು ಬೇರೆ ರೀತಿ ರುಜುವಾತಾಗುವವರೆಗೆ ನಿಜವೆಂದು ಭಾವಿಸಲಾಗುತ್ತದೆ, ಅಷ್ಟೇ ಹೊರತು ಅದು ಕ್ರಯಪತ್ರದಂತೆ ಹಕ್ಕನ್ನು ಹುಟ್ಟಿಸುವ ಪತ್ರವಲ್ಲ. ಹೊರದೇಶದ ವಕೀಲರು ಪಹಣಿಯನ್ನೇ ಹಕ್ಕುಪತ್ರ ಎಂದು ತಿಳಿದು ಮುಂದುವರಿಯದಂತೆ ತಡೆಯಲು ಈ ಪದದ ಆಯ್ಕೆ ನೆರವಾಗುತ್ತದೆ.

ಬಿನ್ ಎಂದರೆ ಇಂಥವರ ಮಗ, ಕೋಂ ಎಂದರೆ ಇಂಥವರ ಹೆಂಡತಿ, ಉರುಫ್ ಎಂದರೆ ಇನ್ನೊಂದು ಹೆಸರು. ಇವನ್ನು ಬಿಡಬಾರದು, ಏಕೆಂದರೆ ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸುವುದು ಇವೇ. ಹೆಸರುಗಳ ಇಂಗ್ಲಿಷ್ ಕಾಗುಣಿತ ಬದುಕಿರುವವರದಾದರೆ ಆಧಾರ್ ಅಥವಾ ಪಾಸ್‌ಪೋರ್ಟಿನಲ್ಲಿ ಇರುವಂತೆ ಬರೆಯಿರಿ. ಪಹಣಿಯಲ್ಲಿ ಹೆಸರು ಮೊಟಕಾಗಿದ್ದರೆ, ಅಂದರೆ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಸಹಿತ ಉದ್ದ ಹೆಸರಿದ್ದು ಪಹಣಿಯಲ್ಲಿ ಬರಿಯ ಕರೆಯುವ ಹೆಸರಿದ್ದರೆ, ಪಹಣಿಯಲ್ಲಿರುವಷ್ಟನ್ನೇ ಬರೆದು ಪೂರ್ಣ ಹೆಸರನ್ನು ಟಿಪ್ಪಣಿಗೆ ಹಾಕಬೇಕು.

ಹತ್ತನೆಯ ಕಾಲಂನಲ್ಲಿ ಜಮೀನು ಹೇಗೆ ಬಂತು ಎಂಬುದು ಇರುತ್ತದೆ: ಪೌತಿ, ಕ್ರಯ, ವಿಭಾಗ, ದಾನ ಎಂಬ ಒಂದು ಪದ, ಜೊತೆಗೆ ಖಾತೆ ಬದಲಾವಣೆಯ ನಂಬರಾದ ಎಂ.ಆರ್. ನಂಬರು. ಪೌತಿ ಎಂದರೆ ಖಾತೆದಾರರ ಮರಣದ ನಂತರ ವಾರಸುದಾರರಿಗೆ ಬಂದದ್ದು. ಎಂ.ಆರ್. ನಂಬರನ್ನು ಅಕ್ಷರ, ಅಂಕಿ, ವರ್ಷ ಸಹಿತ ಇದ್ದಂತೆ ನಕಲು ಮಾಡಿ. ಮ್ಯುಟೇಶನ್ ಪ್ರತಿ ತೆಗೆಸಬೇಕಾದಾಗ ಹುಡುಕುವುದು ಅದರಿಂದಲೇ. ಹನ್ನೊಂದನೆಯ ಕಾಲಂನಲ್ಲಿ ಬ್ಯಾಂಕಿನ ಅಥವಾ ಸಹಕಾರ ಸಂಘದ ಸಾಲ ನಮೂದಾಗಿರಬಹುದು. ಹಳೆಯ ಸಾಲ, ತೀರಿಸಿಯಾಗಿದೆ ಎಂದು ಮನೆಯವರು ಹೇಳಿದರೂ ನಮೂದು ಹಾಳೆಯಲ್ಲಿ ಇರುವವರೆಗೆ ಅನುವಾದದಲ್ಲೂ ಇರಬೇಕು. ತೀರಿದೆ ಎಂಬುದು ಬ್ಯಾಂಕಿನ ಪತ್ರದಿಂದ ತಿಳಿಯಬೇಕಾದ ವಿಷಯ.

ದಿನಾಂಕ ಕಂಡಲ್ಲೆಲ್ಲ ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ. 04/07/2013 ಎಂಬುದು ನಮಗೆ ಜುಲೈ 4, ಅಮೆರಿಕದಲ್ಲಿರುವವರಿಗೆ ಏಪ್ರಿಲ್ 7. ಮಣ್ಣು, ಬೆಳೆ, ನೀರಾವರಿಯ ಕಾಲಂಗಳಲ್ಲಿ ಖುಷ್ಕಿ, ತರಿ, ಬಾಗಾಯ್ತು ಎಂಬ ಪದಗಳನ್ನು ರೋಮನ್ ಲಿಪಿಯಲ್ಲಿ ಉಳಿಸಿ ಮಳೆಯಾಶ್ರಿತ, ನೀರಾವರಿ ಗದ್ದೆ, ತೋಟ ಎಂಬರ್ಥವನ್ನು ಪಕ್ಕದಲ್ಲಿ ಕೊಟ್ಟರೆ ಸಾಕು. ಖಾಲಿ ಇರುವ ಕಾಲಂಗಳನ್ನು ಖಾಲಿ ಎಂದೇ ನಮೂದಿಸಿ.

ಟೈಪು ಮಾಡುವಾಗ ಮತ್ತು ಕಳಿಸುವ ಮುನ್ನ

ಪಹಣಿ ಕೋಷ್ಟಕದ ರೂಪದಲ್ಲಿರುವುದರಿಂದ ಅನೇಕರು ಎಕ್ಸೆಲ್‌ನಲ್ಲಿ ಟೈಪು ಮಾಡಲು ಕೂರುತ್ತಾರೆ. ಅಲ್ಲಿ ಇನ್ನೊಂದು ಹೊಂಡವಿದೆ. 12/2 ಎಂಬ ಸರ್ವೆ ನಂಬರನ್ನು ಬರೆದು ಎಂಟರ್ ಒತ್ತಿದ ಕ್ಷಣ ಅದು ದಿನಾಂಕವಾಗಿಬಿಡುತ್ತದೆ. 3-07-08 ಎಂಬ ವಿಸ್ತೀರ್ಣಕ್ಕೂ ಅದೇ ಗತಿ. 2.10 ಎಂದು ಬರೆದರೆ ಕೊನೆಯ ಸೊನ್ನೆ ಉದುರಿ 2.1 ಉಳಿಯುತ್ತದೆ, ಎರಡು ಎಕರೆ ಹತ್ತು ಗುಂಟೆ ಓದುವವರ ಕಣ್ಣಿಗೆ ಎರಡು ಎಕರೆ ಒಂದು ಗುಂಟೆಯಾಗುತ್ತದೆ. ಬರೆಯುವ ಮೊದಲೇ ಎಲ್ಲ ಕೋಶಗಳನ್ನು ಆರಿಸಿ ಅವುಗಳ ವಿಧವನ್ನು ಟೆಕ್ಸ್ಟ್ ಎಂದು ಬದಲಾಯಿಸಬೇಕು. ಬರೆದ ಮೇಲೆ ಬದಲಾಯಿಸಿದರೆ ಕೆಟ್ಟದ್ದು ಮರಳಿ ಬರುವುದಿಲ್ಲ. ಸಾಧ್ಯವಿದ್ದರೆ ವರ್ಡ್‌ನಂಥ ಬರವಣಿಗೆಯ ತಂತ್ರಾಂಶದಲ್ಲೇ ಕೋಷ್ಟಕ ಮಾಡಿ, ಕೊನೆಗೆ ಪಿಡಿಎಫ್ ಆಗಿ ಉಳಿಸಿ. ಕಾಲಂಗಳ ನಂಬರು ಮೂಲದ ನಂಬರೇ ಆಗಿರಲಿ. ಆಗ ಫೋನಿನಲ್ಲಿ ಮಾತಾಡುವಾಗ ಒಂಬತ್ತನೆಯ ಕಾಲಂ ನೋಡು ಎಂದರೆ ಇಬ್ಬರೂ ಒಂದೇ ಜಾಗ ನೋಡುತ್ತಾರೆ.

ಆಮೇಲೆ ಮನೆಯ ಇನ್ನೊಬ್ಬರನ್ನು ಕೂರಿಸಿಕೊಂಡು ಓದಿ ನೋಡಬೇಕು. ಅವರು ಫೋಟೊವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಲಿ, ನೀವು ಇಂಗ್ಲಿಷ್ ಪ್ರತಿಯ ಮೇಲೆ ಬೆರಳಿಟ್ಟು ಹೋಗಿ. ಅಂಕಿಗಳನ್ನು ಒಂದೊಂದಾಗಿ ಓದಬೇಕು: ಮೂವತ್ತೆಂಟು ಎಂದಲ್ಲ, ಮೂರು, ಎಂಟು ಎಂದು. ಬರೆದವರೇ ಓದಿದರೆ ತಾವು ಬರೆದಿದ್ದೇವೆಂದು ನಂಬಿದ್ದನ್ನೇ ಓದುತ್ತಾರೆ. ತಿದ್ದಿದ ಮೇಲೆ ಮೊತ್ತದ ಲೆಕ್ಕವನ್ನು ಇಂಗ್ಲಿಷ್ ಪ್ರತಿಯಲ್ಲಿರುವ ಅಂಕಿಗಳಿಂದಲೇ ಮತ್ತೊಮ್ಮೆ ಹಾಕಬೇಕು.

ಕೊನೆಯ ಪುಟದಲ್ಲಿ ಯಾವ ಸಾಲಿನ ಪಹಣಿ, ಅದರ ಮೇಲಿನ ಮುದ್ರಣದ ದಿನಾಂಕ ಯಾವುದು, ಅನುವಾದ ಫೋಟೊದಿಂದ ಮಾಡಿದ್ದೇ ಮೂಲ ಹಾಳೆಯಿಂದ ಮಾಡಿದ್ದೇ, ಯಾವ ಅಂಕಿ ಅಸ್ಪಷ್ಟವಾಗಿತ್ತು, ಯಾವ ದಿನ ಯಾರು ಅನುವಾದಿಸಿದರು ಎಂಬುದನ್ನು ಬರೆದು ಸಹಿ ಹಾಕಿ, ಫೋಟೊವನ್ನೂ ಅದೇ ಪಿಡಿಎಫ್‌ಗೆ ಸೇರಿಸಿ. ಓದಲಾಗದ ಅಂಕಿ ಉಳಿದೇ ಇದ್ದರೆ ಆ ಜಾಗದಲ್ಲಿ ಓದಲಾಗುತ್ತಿಲ್ಲ ಎಂದೇ ಬರೆಯಬೇಕು. ಊಹೆಯ ಅಂಕಿಯನ್ನು ಮಾತ್ರ ಬರೆಯಲೇಬಾರದು. ಇಂಥ ಅನುವಾದ ಸಂಬಂಧಿಗೆ ವಿಷಯ ತಿಳಿಯಲು, ವಕೀಲರೊಂದಿಗೆ ಮಾತಾಡಲು ಸಾಕಾಗುತ್ತದೆ. ಅಲ್ಲಿಯ ನ್ಯಾಯಾಲಯಕ್ಕೋ ವೀಸಾ ಕಚೇರಿಗೋ ಸಲ್ಲಿಸುವುದಾದರೆ ಆ ಕಚೇರಿ ಒಪ್ಪುವ ಪ್ರಮಾಣಿತ ಅನುವಾದಕರ ಸಹಿ ಬೇಕಾಗಬಹುದು. ಆಗ ಹಳೆಯ ಫೋಟೊ ಬದಲು ಹೊಸದಾಗಿ ತೆಗೆಸಿದ ಪಹಣಿಯ ಪ್ರತಿಯನ್ನೂ, ಅದರೊಡನೆ ನಿಮ್ಮ ಈ ಪ್ರತಿಯನ್ನೂ ಆ ಅನುವಾದಕರ ಕೈಗೆ ಕೊಟ್ಟು, ಸರ್ವೆ ನಂಬರಿನ ಅಕ್ಷರಗಳನ್ನೂ ಗುಂಟೆ ಆಣೆಗಳನ್ನೂ ಬದಲಾಯಿಸದೆ ಇಡಬೇಕೆಂದು ಬರವಣಿಗೆಯಲ್ಲೇ ತಿಳಿಸಿ.